ಪಾಪುವಿನ ಬೆನ್ನಿನ ಗುಳ್ಳೆ ಬೇರೆ, ಡೈಪರ್ ಜಾಗದ ಕೆಂಪು ಬೇರೆ

"ಚಿಕ್ಕಮ್ಮ, ಪಾಪು ಕುತ್ತಿಗೆ, ಬೆನ್ನಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದಿದೆ. ಡೈಪರ್ ಜಾಗದಲ್ಲೂ ಕೆಂಪಾಗಿದೆ. ಈ ಚಳಿ ಮಳೆಯಲ್ಲೂ ಬೆವರುಸಾಲೆ ಬರುತ್ತಾ? ಎರಡಕ್ಕೂ ಒಂದೇ ಪೌಡರ್ ಹಾಕಬಹುದಾ?"

ಮಗಳೇ, ನೀನು ಕಳಿಸಿದ ಎರಡೂ ಫೋಟೋ ದೊಡ್ಡದು ಮಾಡಿ ನೋಡಿದೆ. ಗಾಬರಿ ಆಗುವಂಥದ್ದು ಏನೂ ಕಾಣಲಿಲ್ಲ. ಆದರೆ ಎರಡೂ ಒಂದೇ ಅಲ್ಲ. ಅವುಗಳ ಆರೈಕೆ ಒಂದಕ್ಕೊಂದು ಉಲ್ಟಾ. ಬೆನ್ನಿಗೆ ಏನೂ ಹಚ್ಚಬಾರದು, ಕೆಳಗೆ ದಪ್ಪಗೆ ಹಚ್ಚಬೇಕು. ಪೌಡರ್ ಎರಡು ಕಡೆಗೂ ಬೇಡ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಪಾಪು ಮಲಗಿದ ಮೇಲೆ ನಿಧಾನವಾಗಿ ಕೇಳು. ಅಕ್ಕಾ, ನೀನೂ ಜೊತೆಗೆ ಕೂತು ಕೇಳು.

ಮೊದಲು ಕುತ್ತಿಗೆ, ಬೆನ್ನಿನದು. ಅದು ಬೆವರುಸಾಲೆಯೇ. ರಾಗಿ ಕಾಳಿನಷ್ಟು ಸಣ್ಣ ಗುಳ್ಳೆಗಳು, ಒತ್ತೊತ್ತಾಗಿ, ಒಂದೊಂದರ ಸುತ್ತಲೂ ಸ್ವಲ್ಪ ಕೆಂಪು. ಎಲ್ಲಿ ಎದ್ದಿದೆ ನೋಡು. ಸ್ವೆಟರ್ ಕಾಲರ್ ಕೂರುವ ಜಾಗ, ಟೋಪಿಯ ದಾರ ಕಟ್ಟುವ ಜಾಗ, ಮಲಗಿದಾಗ ಹಾಸಿಗೆಗೆ ಅಂಟುವ ಬೆನ್ನು. ಕೈ, ಮುಂಗಾಲು ಎಲ್ಲ ಚೊಕ್ಕವಾಗಿದೆ. ಬಟ್ಟೆ ಮುಚ್ಚಿ ಬಿಗಿದ ಕಡೆ ಗುಳ್ಳೆ, ಗಾಳಿ ಆಡುವ ಕಡೆ ಇಲ್ಲ ಅಂದರೆ ಬೆವರುಸಾಲೆ ಅಂತಲೇ ಮೊದಲು ಯೋಚಿಸಬೇಕು. ಕೆಲವು ಮಕ್ಕಳಿಗೆ ಕೆಂಪೇ ಇರುವುದಿಲ್ಲ. ಹಣೆ, ಎದೆ ಮೇಲೆ ಇಬ್ಬನಿ ಕೂತ ಹಾಗೆ ನೀರಿನ ಪುಟ್ಟ ಗುಳ್ಳೆ ಇರುತ್ತದೆ, ಬಟ್ಟೆ ತಾಗಿದರೆ ಒಡೆದು ಹೋಗುತ್ತದೆ. ಅದೂ ಬೆವರುಸಾಲೆಯೇ, ಇನ್ನೂ ಹಗುರವಾದದ್ದು.

ಈ ಮಳೆಯಲ್ಲಿ ಹೇಗೆ ಅಂತ ಕೇಳಿದೆ ಅಲ್ವಾ? ನಿನ್ನ ಫೋಟೋದಲ್ಲೇ ಉತ್ತರ ಇದೆ. ಬನಿಯನ್, ಅದರ ಮೇಲೆ ಜುಬ್ಬ, ಮೇಲೆ ಉಣ್ಣೆ ಸ್ವೆಟರ್, ಟೋಪಿ, ಕಾಲುಚೀಲ, ಸುತ್ತಲೂ ಕಂಬಳಿ. ಪಕ್ಕದಲ್ಲಿ ಕೆಂಡದ ಬಾಂಡ್ಲಿ. ಕಿಟಕಿ ಮುಚ್ಚಿದೆ. ಹೊರಗೆ ಸೋಮವಾರಪೇಟೆಯ ಜುಲೈ ಚಳಿ ಇರಬಹುದು, ಕಂಬಳಿಯ ಒಳಗೆ ಪಾಪುವಿಗೆ ಕುಶಾಲನಗರದ ಏಪ್ರಿಲ್. ಎಳೆ ಮಗುವಿನ ಬೆವರಿನ ಕೊಳವೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ನಮ್ಮ ಮಳೆಗಾಲದ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಹಾಗಾಗಿ ಬೆವರು ಆರುವುದಿಲ್ಲ. ಚರ್ಮ ನೆಂದು ಉಬ್ಬಿ, ಕೊಳವೆಯ ಬಾಯಿ ಮುಚ್ಚುತ್ತದೆ. ಹೊರಗೆ ಬರಲಾಗದ ಬೆವರು ಚರ್ಮದ ಒಳಗೇ ಸೋರಿ ಕೆಂಪಾಗುತ್ತದೆ, ತುರಿಸುತ್ತದೆ. ಸಂಜೆ ಪಾಪು ಸುಮ್ನೆ ಅಳುತ್ತದೆ ಅಂದಿದ್ದೆಯಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು.

ಎಲ್ಲರೂ ಮಗುವಿನ ಕೈ, ಪಾದ ಮುಟ್ಟಿ "ಅಯ್ಯೋ ತಣ್ಣಗಿದೆ" ಅಂತ ಇನ್ನೊಂದು ಬಟ್ಟೆ ಹಾಕುತ್ತಾರೆ. ಎಳೆ ಮಕ್ಕಳ ಕೈಕಾಲು ತಣ್ಣಗಿರುವುದು ಸಹಜ. ಎರಡು ಬೆರಳನ್ನು ಕಾಲರ್ ಒಳಗೆ ಹಾಕಿ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡು. ಒಣಗಿ, ಹದವಾಗಿ ಬೆಚ್ಚಗಿದ್ದರೆ ಬಟ್ಟೆ ಸರಿಯಾಗಿದೆ. ಬಿಸಿಯಾಗಿ ಬೆರಳಿಗೆ ಪಸೆ ಹತ್ತಿದರೆ ಒಂದು ಪದರ ತೆಗೆ. ನೀನು ಹಾಕಿಕೊಂಡಿರುವುದಕ್ಕಿಂತ ಒಂದು ಪದರ ಜಾಸ್ತಿ ಸಾಕು, ಅದೂ ಮೈಗೆ ತಾಗುವುದು ಹತ್ತಿಯದೇ ಆಗಿರಲಿ. ಮನೆಯೊಳಗೆ ಮಲಗಿರುವಾಗ ಟೋಪಿ ತೆಗೆದುಬಿಡು. ಮೈಯೆಲ್ಲ ಬಟ್ಟೆ ಮುಚ್ಚಿದ ಚಿಕ್ಕ ಮಕ್ಕಳ ಮೈ ಬಿಸಿಯ ದೊಡ್ಡ ಪಾಲು ಹೋಗುವುದು ತಲೆಯಿಂದ. ಕೆಂಡದ ಬಾಂಡ್ಲಿಯನ್ನು ದಯವಿಟ್ಟು ಇವತ್ತೇ ಹೊರಗಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಾಸನೆಯೇ ಇಲ್ಲದ ವಿಷದ ಗಾಳಿ ಬರುತ್ತದೆ, ಅದು ಬೆವರುಸಾಲೆಗಿಂತ ಸಾವಿರ ಪಾಲು ಅಪಾಯ.

ಸ್ನಾನ ಉಗುರುಬೆಚ್ಚಗಿನ ನೀರಲ್ಲಿ ಮಾಡಿಸು, ಹಬೆ ಏಳುವ ನೀರು ಬೇಡ. ಆಮೇಲೆ ಕುತ್ತಿಗೆಯ ಮಡಿಕೆ ಬಿಡಿಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೆ, ಉಜ್ಜಬೇಡ. ಅಕ್ಕಾ, ಗುಳ್ಳೆ ಹೋಗುವ ತನಕ ಆ ಜಾಗಕ್ಕೆ ಕೊಬ್ಬರಿ ಎಣ್ಣೆ ಬೇಡ. ಎಣ್ಣೆ ಹಚ್ಚುವುದು ತಪ್ಪು ಅಂತ ಹೇಳುತ್ತಿಲ್ಲ. ಈಗಾಗಲೇ ಮುಚ್ಚಿದ ಕೊಳವೆಯ ಮೇಲೆ ಎಣ್ಣೆ ಕೂತರೆ ಇನ್ನಷ್ಟು ಮುಚ್ಚುತ್ತದೆ. ಪೌಡರ್ ಈ ಹವೆಗೆ ಮಡಿಕೆಯಲ್ಲಿ ಮುದ್ದೆಯಾಗಿ ಚರ್ಮ ತರಚುತ್ತದೆ. ಹಾರುವ ಪುಡಿ ಮಗುವಿನ ಶ್ವಾಸಕ್ಕೂ ಹೋಗುತ್ತದೆ. ಬೇರೇನೂ ಮಾಡದೆ ಬರೀ ತಂಪಾಗಿ, ಒಣಗಿದ ಹಾಗೆ ಇಟ್ಟರೆ ಎರಡು ಮೂರು ದಿನದಲ್ಲಿ ಇಳಿಯಲು ಶುರುವಾಗುತ್ತದೆ.

ಈಗ ಡೈಪರ್ ಜಾಗ. ಇಲ್ಲಿ ನೋಡಬೇಕಾದದ್ದು ತೊಡೆಸಂದಿನ ಮಡಿಕೆ. ಕಾಲು ಮೆಲ್ಲಗೆ ಅಗಲಿಸಿ, ಮಡಿಕೆ ಬಿಡಿಸಿ, ಕಿಟಕಿಯ ಬೆಳಕಿನಲ್ಲಿ ನೋಡು. ನಿನ್ನ ಎರಡನೇ ಫೋಟೋದಲ್ಲಿ ಕುಂಡೆಯ ಉಬ್ಬು, ತೊಡೆಯ ಒಳಭಾಗ, ಹೊಕ್ಕುಳ ಕೆಳಗಿನ ಉಬ್ಬು ಹೊಳೆಯುವ ಹಾಗೆ ಕೆಂಪಾಗಿದೆ. ಮಡಿಕೆಯ ಒಳಗಿನ ಗೆರೆ ಮಾತ್ರ ಮಾಮೂಲಿ ಬಣ್ಣದಲ್ಲೇ ಇದೆ. ಒದ್ದೆ ಡೈಪರ್ ತಾಗುವುದು ಉಬ್ಬಿಗೆ, ಮಡಿಕೆಯ ಒಳಗಲ್ಲ. ಅದಕ್ಕೇ ಇದು ಉಚ್ಚೆ, ಕಕ್ಕದಿಂದ ಆದ ಉರಿ. ಎರಡೂ ಸೇರಿ ಚರ್ಮದ ಮೇಲೆ ಕೂತರೆ ಕಕ್ಕದಲ್ಲಿರುವ ಜೀರ್ಣರಸಕ್ಕೆ ಬಲ ಬರುತ್ತದೆ, ನೆಂದ ಚರ್ಮವನ್ನೇ ತಿನ್ನುತ್ತದೆ. ಭೇದಿ ಆದ ದಿನ ಒಂದೇ ರಾತ್ರಿಯಲ್ಲಿ ಕೆಂಪಾಗುವುದು ಇದಕ್ಕೇ.

ಇಲ್ಲಿ ಚರ್ಮಕ್ಕೂ ಒದ್ದೆಗೂ ನಡುವೆ ಒಂದು ಗೋಡೆ ಬೇಕು. ಮೆಡಿಕಲ್‌ನಲ್ಲಿ ಜಿಂಕ್ ಆಕ್ಸೈಡ್ ಇರುವ ಡೈಪರ್ ಕ್ರೀಮ್ ಕೇಳು, ಸುಗಂಧ ಇಲ್ಲದ್ದು. ಮೊದಲು ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸು. ಒತ್ತಿ ಒಣಗಿಸು. ಹತ್ತು ಹದಿನೈದು ನಿಮಿಷ ಏನೂ ಹಾಕದೆ ಹಳೇ ಬಟ್ಟೆಯ ಮೇಲೆ ಬಿಡು. ಆಮೇಲೆ ಕ್ರೀಮನ್ನು ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ, ಕೆಂಪು ಕಾಣದಷ್ಟು ದಪ್ಪಗೆ ಹಚ್ಚು. ತಿಕ್ಕಿ ಒಳಗೆ ಇಳಿಸಬೇಡ. ಮುಂದಿನ ಸಲ ಬದಲಾಯಿಸುವಾಗ ಹಳೇ ಕ್ರೀಮ್ ಪೂರ್ತಿ ಕೆರೆದು ತೆಗೆಯಬಾರದು. ಕೊಳೆಯಾದ ಮೇಲ್ಪದರ ಮಾತ್ರ ಒರೆಸಿ, ಅದರ ಮೇಲೇ ಮತ್ತೆ ಹಚ್ಚು. ಕೆರೆಯಲು ಹೋಗಿಯೇ ಎಷ್ಟೋ ತಾಯಂದಿರು ಗಾಯ ಮಾಡುತ್ತಾರೆ. ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಬದಲಾಯಿಸು, ಕಕ್ಕ ಮಾಡಿದರೆ ಆಗಲೇ.

ಬಟ್ಟೆ ಲಂಗೋಟಿಯ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಒಲೆಯ ಮೇಲೆ ನೇತು ಹಾಕಿದ ಬಟ್ಟೆ ಹೊಗೆ ಹಿಡಿಯುತ್ತದೆ, ಒಣಗುವುದಿಲ್ಲ. ಕೆನ್ನೆಗೆ ಒತ್ತಿ ನೋಡು, ತಣ್ಣಗೆ ಅನಿಸಿದರೆ ಅದು ಇನ್ನೂ ಹಸಿ. ಅಂಥದ್ದನ್ನು ಹಾಕುವುದಕ್ಕಿಂತ ಈ ಎರಡು ತಿಂಗಳು ರಾತ್ರಿಗೆ ಡೈಪರ್ ಹಾಕುವುದೇ ವಾಸಿ. ಲಂಗೋಟಿ ಹಾಕುವುದಾದರೆ ಸೋಪು ಪೂರ್ತಿ ಹೋಗುವ ತನಕ ಜಾಲಿಸಿ, ಕೊನೆಗೆ ಇಸ್ತ್ರಿ ಹಾಕಿ. ಮೇಲೆ ಪ್ಲಾಸ್ಟಿಕ್ ಚಡ್ಡಿ ಮಾತ್ರ ಬೇಡವೇ ಬೇಡ.

ಹೀಗೆ ಮಾಡಿ ಮೂರು ದಿನ ನೋಡು. ಕಡಿಮೆಯಾಗದೆ ಕೆಂಪು ಮಡಿಕೆಯ ಒಳಗೂ ಇಳಿದರೆ, ಅಂಚಿನಿಂದ ಆಚೆ ಬಿಡಿ ಬಿಡಿಯಾಗಿ ಸಣ್ಣ ಕೆಂಪು ಚುಕ್ಕೆ ಕಂಡರೆ ಅದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೋಂಕು. ನಮ್ಮ ಕಡೆ ಊರಿನಿಂದ ಆಚೆ ತೋಟದಲ್ಲಿ ಒಂಟಿ ಮನೆಗಳು ಇರುತ್ತವಲ್ಲ, ಆ ಚುಕ್ಕೆಗಳು ಹಾಗೇ ಕಾಣುತ್ತವೆ. ಪಾಪುವಿನ ಬಾಯಿಯನ್ನೂ ನೋಡು. ನಾಲಿಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಕಲೆ ಇದ್ದರೆ ಅದೂ ಇದೇ ಸೋಂಕು. ಆಂಟಿಬಯೋಟಿಕ್ ಕೊಟ್ಟ ಮೇಲೆ ಇದು ಜಾಸ್ತಿ. ಬರೀ ಜಿಂಕ್ ಕ್ರೀಮಿಗೆ ಇದು ಬಗ್ಗುವುದಿಲ್ಲ. ಡಾಕ್ಟರ್ ನೋಡಿ ಕ್ಲೋಟ್ರಿಮಾಝೋಲ್‌ನಂಥ ಮುಲಾಮು ಬರೆದುಕೊಡಬೇಕು.

ಇಲ್ಲಿ ನನ್ನದೇ ತಪ್ಪು ಹೇಳಬೇಕು. ನಿನ್ನ ಅಣ್ಣ ಆಗ ನಾಲ್ಕು ತಿಂಗಳ ಮಗು. ನಾನು ಆಗಿನ್ನೂ ನರ್ಸಿಂಗ್ ಕೆಲಸಕ್ಕೆ ಸೇರಿರಲಿಲ್ಲ. ಹೀಗೇ ಮಳೆಗಾಲ, ಹೀಗೇ ಕೆಂಪು. ಅಂಗಡಿಯಲ್ಲಿ ಕೇಳಿದೆ, "ಎಲ್ಲದಕ್ಕೂ ಆಗುತ್ತದೆ" ಅಂತ ಒಂದು ಟ್ಯೂಬ್ ಕೊಟ್ಟರು. ಎರಡೇ ದಿನದಲ್ಲಿ ಕೆಂಪು ಮಾಯ. ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಅಗಲವಾಗಿ ವಾಪಸ್ ಬಂತು. ಮತ್ತೆ ಹಚ್ಚಿದೆ. ಹೀಗೆ ಒಂದೂವರೆ ತಿಂಗಳು. ಕೊನೆಗೆ ಮಕ್ಕಳ ಡಾಕ್ಟರ್ ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ತೋರಿಸಿದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಕೆಂಪನ್ನು ಅಡಗಿಸುತ್ತದೆ, ಕೆಳಗೆ ಶಿಲೀಂಧ್ರ ಬೆಳೆಯುತ್ತಲೇ ಇರುತ್ತದೆ. ಅವನ ತೊಡೆಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ, ನೀಲಿ ನರ ಕಾಣುತ್ತಿತ್ತು. ಡೈಪರ್ ಮುಚ್ಚಿದ ಜಾಗದಲ್ಲಿ ಇಂಥ ಔಷಧಿ ಮೈಯೊಳಗೂ ಜಾಸ್ತಿ ಹೋಗುತ್ತದೆ. ಟ್ಯೂಬ್ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತ ಇದ್ದರೆ, ಯಾರು ಕೊಟ್ಟಿದ್ದರೂ ಡಾಕ್ಟರನ್ನು ಕೇಳದೆ ಪಾಪುವಿಗೆ ಹಚ್ಚಬೇಡ.

ಕೆನ್ನೆ ಒರಟಾಗಿ ಒಣಗಿ ಕೆಂಪಾದರೆ, ಡೈಪರ್ ಜಾಗ ಮಾತ್ರ ಚೆನ್ನಾಗಿದ್ದರೆ, ಅದು ಎಕ್ಸಿಮಾ ಇರಬಹುದು, ನಿಧಾನವಾಗಿ ತೋರಿಸಬಹುದು. ಅಂಗೈ, ಅಂಗಾಲಲ್ಲೂ ಗುಳ್ಳೆ ಎದ್ದು, ಮನೆಯವರಿಗೂ ರಾತ್ರಿ ತುರಿಕೆ ಇದ್ದರೆ ಅದು ಕಜ್ಜಿ. ಆಗ ಮಗುವಿಗೆ ಮಾತ್ರ ಔಷಧಿ ಮಾಡಿದರೆ ಸಾಲದು, ಮನೆಮಂದಿಗೆಲ್ಲ ಒಟ್ಟಿಗೆ ಆಗಬೇಕು.

ಕಾಯಬಾರದ್ದು ಯಾವುದು ಅಂದರೆ, ಗುಳ್ಳೆಯಲ್ಲಿ ಕೀವು ತುಂಬುವುದು, ದೊಡ್ಡ ಬೊಬ್ಬೆ ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟುವುದು. ಇನ್ನೊಂದು, ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆ. ಬೆವರುಸಾಲೆಯ ಕೆಂಪು ಒತ್ತಿದರೆ ಮಾಸುತ್ತದೆ, ಇದು ಮಾಸುವುದಿಲ್ಲ. ಹಾಲು ಬಿಟ್ಟು ಸೊರಗಿ ಮಲಗಿದರೂ ಅಷ್ಟೇ. ಪಾಪುವಿಗೆ ಇನ್ನೂ ಎರಡೂವರೆ ತಿಂಗಳು. ಮೂರು ತಿಂಗಳ ಒಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮೈಮೇಲೆ ಏನೇ ಇರಲಿ ಇಲ್ಲದಿರಲಿ, ಆಗಲೇ ಆಸ್ಪತ್ರೆಗೆ ಹೊರಡಬೇಕು. ಹಗಲಲ್ಲಿ ಇವುಗಳಲ್ಲಿ ಯಾವುದು ಕಂಡರೂ ಸಂಜೆ ತನಕ ನೋಡೋಣ ಅನ್ನಬೇಡಿ. ಕತ್ತಲಾದ ಮೇಲೆ ಮರ ಬಿದ್ದು ರಸ್ತೆ ಮುಚ್ಚಿದರೆ ಮಡಿಕೇರಿಗೆ ಹೋಗುವುದು ಎಷ್ಟು ಕಷ್ಟ ಅಂತ ಗೊತ್ತಲ್ಲ.

ಇವತ್ತು ಸ್ವೆಟರ್, ಟೋಪಿ ತೆಗೆ. ಅಳಿಯಂದಿರು ಪೇಟೆಗೆ ಹೋದಾಗ ಜಿಂಕ್ ಕ್ರೀಮ್ ತರಲಿ. ನಾಳಿದ್ದು ಬೆಳಿಗ್ಗೆ ಅದೇ ಎರಡು ಜಾಗದ ಫೋಟೋ ಕಳಿಸು. ಫ್ಲ್ಯಾಶ್ ಬೇಡ, ಕಿಟಕಿ ಹತ್ತಿರ, ತೊಡೆಸಂದಿನ ಮಡಿಕೆ ಬಿಡಿಸಿ ತೆಗೆ. ಗ್ರೂಪಿಗೆ ಹಾಕಬೇಡ, ನನಗೊಬ್ಬಳಿಗೇ ಕಳಿಸು.