ಅಂಗಡಿ ಬಾಡಿಗೆಗೆ ರಿವರ್ಸ್ ಚಾರ್ಜ್: ಪುಸ್ತಕದಲ್ಲಿ 5,000, ಪೋರ್ಟಲ್‌ನಲ್ಲಿ 7,200. ಯಾವುದನ್ನು ಕಟ್ಟಬೇಕು?

ಸಾಗರದ ಅಂಗಡಿ

ನಮಸ್ಕಾರ. ಸಾಗರದಲ್ಲಿ ಪೈಪು, ನಲ್ಲಿ, ಬಣ್ಣ ಮಾರುವ ಅಂಗಡಿ ನಮ್ಮದು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುತ್ತೇವೆ. ಮೇ ತಿಂಗಳಿನಿಂದ ಬೇರೆ ಕಟ್ಟಡಕ್ಕೆ ಬಂದಿದ್ದೇವೆ. ಹಳೆಯ ಮಾಲೀಕರು ತಾವೇ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುತ್ತಿದ್ದರು. ಹೊಸ ಮಾಲೀಕರು ನಿವೃತ್ತ ಮೇಷ್ಟರು, ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ಬಾಡಿಗೆ ತಿಂಗಳಿಗೆ 40,000. ಮೇ ತಿಂಗಳ ಬಾಡಿಗೆಯನ್ನು ಜೂನ್ 5ರಂದು ಕೊಟ್ಟೆ. ಲೆಕ್ಕ ಬರೆಯುವ ಹುಡುಗ ಇದಕ್ಕೆ ರಿವರ್ಸ್ ಚಾರ್ಜ್ ಬರುತ್ತದೆ, ಅಂದರೆ ಮಾಲೀಕರ ಬದಲು ನಾವೇ ತೆರಿಗೆ ಕಟ್ಟಬೇಕು ಎಂದು 18% ತೆರಿಗೆ, ಅಂದರೆ 7,200 ಹಾಕಿದ್ದಾನೆ.

ಜೂನ್ ತಿಂಗಳ ಲೆಕ್ಕ ಹೀಗಿದೆ. ಮಾರಾಟದ ಮೇಲಿನ ತೆರಿಗೆ ಸಿಜಿಎಸ್‌ಟಿ 31,000, ಎಸ್‌ಜಿಎಸ್‌ಟಿ 31,000. ಖರೀದಿಯ ಮೇಲಿನ ಕ್ರೆಡಿಟ್ ಎರಡರಲ್ಲೂ ತಲಾ 28,500. ಹಿಂದಿನ ತಿಂಗಳಿಂದ ಉಳಿದ ಕ್ರೆಡಿಟ್ ಏನೂ ಇಲ್ಲ. ನಮ್ಮ ಪುಸ್ತಕದಲ್ಲಿ ಕಟ್ಟಬೇಕಾದ ಜಿಎಸ್‌ಟಿ 5,000 ಎಂದು ಬರುತ್ತಿದೆ. ಅಷ್ಟನ್ನು ನಂಬಿ ಚಲನ್ ಮಾಡಿ ತಲಾ 2,500 ಕಟ್ಟಿಯೂ ಆಯಿತು. ಈಗ ತಿಂಗಳ ರಿಟರ್ನ್ 3ಬಿ ಸಲ್ಲಿಸಲು ಹೋದರೆ ಪೋರ್ಟಲ್ ಇನ್ನೂ 2,200 ನಗದು ಬೇಕು ಎನ್ನುತ್ತಿದೆ. ಬಾಡಿಗೆಯ ತೆರಿಗೆಯನ್ನು 5,000ಕ್ಕೆ ಸೇರಿಸಿದರೆ 12,200 ಆಗಬೇಕಿತ್ತು. ಅದೂ ಇಲ್ಲ. ಈ 2,200 ಎಲ್ಲಿಂದ ಬಂತು? 20ನೇ ತಾರೀಖು ಹತ್ತಿರವಾಗುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ಭದ್ರಾವತಿ ಲೆಕ್ಕ

ಅಣ್ಣ, ನೋಂದಣಿ ಇಲ್ಲದವರಿಂದ ಪಡೆದದ್ದಕ್ಕೆ ನಾವು ತೆರಿಗೆ ಕಟ್ಟುವ ಪದ್ಧತಿಯನ್ನು 2017ರ ಅಕ್ಟೋಬರ್‌ನಲ್ಲೇ ನಿಲ್ಲಿಸಿದರು. ಆಗ ದಿನಕ್ಕೆ 5,000 ರೂಪಾಯಿ ಮಿತಿ ಇತ್ತು, ಚಹಾದ ಚೀಟಿಯನ್ನೂ ಕೂಡಿಸುತ್ತಿದ್ದೆವು, ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ಹುಡುಗ ಹಳೆಯ ನಿಯಮ ಹಿಡಿದುಕೊಂಡಿದ್ದಾನೆ. ಬಾಡಿಗೆಯನ್ನು 3ಬಿಯಿಂದ ತೆಗೆದುಬಿಡಿ, 5,000ಕ್ಕೆ ಸರಿಹೋಗುತ್ತದೆ.

ಅಡಿಕೆ ಮಂಡಿ

ಇದನ್ನು ಓದಿ ಗಾಬರಿಯಾಯಿತು. ನಾವು ರೈತರಿಂದ ಅಡಿಕೆ ಕೊಳ್ಳುತ್ತೇವೆ. ಯಾವ ರೈತನಿಗೂ ಜಿಎಸ್‌ಟಿ ನಂಬರ್ ಇಲ್ಲ. ಹಾಗಾದರೆ ಅದಕ್ಕೂ ನಾವೇ ಕಟ್ಟಬೇಕೇ? ಇಷ್ಟು ವರ್ಷ ಕಟ್ಟಿಲ್ಲ.

ತುಂಗಾತೀರ

ಸಾಗರದವರೇ, ಬಾಡಿಗೆಯನ್ನು ತೆಗೆಯಬೇಡಿ. ಭದ್ರಾವತಿಯವರು ಹೇಳಿದ್ದು ಅರ್ಧ ನಿಜ. 2017ರಲ್ಲಿ ತಡೆದದ್ದು ನೋಂದಣಿ ಇಲ್ಲದವರಿಂದ ಏನೇ ಪಡೆದರೂ ಅನ್ವಯಿಸುತ್ತಿದ್ದ 9(4)ನೇ ಕಲಮನ್ನು. 2019ರ ಫೆಬ್ರವರಿಯಿಂದ ಅದು ಅಧಿಸೂಚನೆಯಲ್ಲಿ ಹೆಸರಿಸಿದ ವರ್ಗಗಳಿಗೆ ಮಾತ್ರ ಉಳಿಯಿತು, ಮುಖ್ಯವಾಗಿ ಕಟ್ಟಡ ನಿರ್ಮಿಸಿ ಮಾರುವವರಿಗೆ. ಆದರೆ 9(3)ನೇ ಕಲಮು ಬೇರೆ. ಅದರಡಿ ಸೇವೆಗಳ ಪಟ್ಟಿಯೊಂದಿದೆ, ಅದು ಎಂದೂ ನಿಂತಿಲ್ಲ. ವಾಸದ ಮನೆಯಲ್ಲದ ಕಟ್ಟಡವನ್ನು ನೋಂದಣಿ ಇಲ್ಲದವರು ನೋಂದಣಿ ಇರುವವರಿಗೆ ಬಾಡಿಗೆಗೆ ಕೊಟ್ಟರೆ ತೆರಿಗೆ ಬಾಡಿಗೆದಾರನದು ಎಂದು 2024ರ ಅಕ್ಟೋಬರ್ 10ರಿಂದ ಆ ಪಟ್ಟಿಗೆ ಸೇರಿಸಿದ್ದಾರೆ. ನಿಮ್ಮ ಹುಡುಗ ಜಾಣ, ಅವನನ್ನು ಬೈಯಬೇಡಿ.

ಮಂಡಿಯವರೇ, ನಿಮ್ಮದು ಸರಕು, ಇಲ್ಲಿನ ಮಾತು ಸೇವೆಯದು. ಸರಕುಗಳಿಗೂ ಒಂದು ಪಟ್ಟಿ ಇದೆ. ರೈತರಿಂದ ಕೊಳ್ಳುವ ಸಿಪ್ಪೆ ಸಹಿತ ಗೇರುಬೀಜ ಅದರಲ್ಲಿದೆ, ಅಡಿಕೆ ಇಲ್ಲ. ಆದರೆ ನಿಮ್ಮ ಮಂಡಿಯ ಕಟ್ಟಡ ಯಾರದು ಎಂದು ಒಮ್ಮೆ ನೋಡಿಕೊಳ್ಳಿ.

ಸಾಗರದ ಅಂಗಡಿ

ಧನ್ಯವಾದ ಮೇಡಂ. ಕಟ್ಟಬೇಕು ಎಂಬುದು ತಿಳಿಯಿತು. ಆದರೆ 5,000 ಹೇಗೆ 7,200 ಆಯಿತು? ಬಾಡಿಗೆಗೆ 7,200 ತೆರಿಗೆ ಹಾಕಿ, ಅದೇ 7,200ನ್ನು ಕ್ರೆಡಿಟ್ ಆಗಿ ತೆಗೆದುಕೊಂಡೆವು. ಹೋದದ್ದೂ ಬಂದದ್ದೂ ಒಂದೇ ಆದ ಮೇಲೆ ಮೊತ್ತ ಬದಲಾಗಬಾರದಲ್ಲವೇ?

ತುಂಗಾತೀರ

ನನ್ನ ಕಕ್ಷಿದಾರರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

3ಬಿಯ ಪಾವತಿ ಪುಟ ತೆರೆದು 6.1ನೇ ಕೋಷ್ಟಕ ನೋಡಿ. ಅಲ್ಲಿ ಎರಡು ಭಾಗಗಳಿವೆ. ಮೇಲಿನದು ನಿಮ್ಮ ಮಾರಾಟದ ತೆರಿಗೆ, ಅದಕ್ಕೆ ಕ್ರೆಡಿಟ್ ಬಳಸಬಹುದು. ಕೆಳಗಿನದು ರಿವರ್ಸ್ ಚಾರ್ಜ್. ಅಲ್ಲಿ ಕ್ರೆಡಿಟ್ ತುಂಬಲು ಜಾಗವೇ ಇಲ್ಲ, ನಗದು ಮಾತ್ರ. ಕ್ರೆಡಿಟ್ ಬಳಸಲು ಅವಕಾಶ ಇರುವುದು ನಾವು ಮಾರಿದ್ದರ ಮೇಲಿನ ತೆರಿಗೆಗೆ. ಅದರ ವ್ಯಾಖ್ಯೆಯಿಂದ ರಿವರ್ಸ್ ಚಾರ್ಜನ್ನು ಕಾನೂನೇ ಹೊರಗಿಟ್ಟಿದೆ. ಕ್ರೆಡಿಟ್ ಲೆಜರಿನಲ್ಲಿ ಲಕ್ಷ ರೂಪಾಯಿ ಇದ್ದರೂ ಬಾಡಿಗೆಯ 7,200 ನಿಮ್ಮ ಕೈಯಿಂದಲೇ ಹೋಗಬೇಕು.

ಈಗ ಸಿಜಿಎಸ್‌ಟಿಯನ್ನು ಮಾತ್ರ ತೆಗೆದುಕೊಳ್ಳೋಣ, ಎಸ್‌ಜಿಎಸ್‌ಟಿಯೂ ಹಾಗೆಯೇ. ಬಾಡಿಗೆಯ ಮೇಲೆ 3,600 ನಗದು ಕಟ್ಟುತ್ತೀರಿ. ಅದೇ ತಿಂಗಳ ರಿಟರ್ನಿನಲ್ಲಿ ಆ 3,600 ಕ್ರೆಡಿಟ್ ಆಗಿ ಒಳಬರುತ್ತದೆ. ಖರೀದಿಯ 28,500 ಜೊತೆ ಸೇರಿ ಒಟ್ಟು ಕ್ರೆಡಿಟ್ 32,100. ಮಾರಾಟದ ತೆರಿಗೆ 31,000 ಅದರಲ್ಲೇ ಪೂರ್ತಿ ತೀರುತ್ತದೆ. ಮೊದಲು ನಗದಾಗಿ ಹೋಗಬೇಕಿದ್ದ 2,500 ಈಗ ಬೇಕಾಗುವುದಿಲ್ಲ, ಮೇಲೆ 1,100 ಕ್ರೆಡಿಟ್ ಉಳಿಯುತ್ತದೆ. ಹಾಗಾಗಿ ನಗದು 3,600 ಮಾತ್ರ, ಎರಡೂ ಸೇರಿ 7,200.

ನೀವು ಈಗಾಗಲೇ 5,000 ಕಟ್ಟಿದ್ದೀರಿ, ಉಳಿದದ್ದು 2,200. ಅದೇ 2,200 ಮುಂದಿನ ತಿಂಗಳಿಗೆ ಕ್ರೆಡಿಟ್ ಆಗಿ ಹೋಗುತ್ತದೆ. ಆದ್ದರಿಂದ ಪುಸ್ತಕದ 5,000 ಕೂಡ ಸುಳ್ಳಲ್ಲ. 7,200 ನಗದು ಕೊಟ್ಟು 2,200 ಕ್ರೆಡಿಟ್ ಕೈಯಲ್ಲಿಟ್ಟುಕೊಂಡರೆ ನಿವ್ವಳ 5,000. ಪುಸ್ತಕ ಹೇಳಿದ್ದು ನಿವ್ವಳ, ಪೋರ್ಟಲ್ ಕೇಳಿದ್ದು ನಗದು. 12,200 ಎಂಬುದು ಮಾತ್ರ ತಪ್ಪು ಲೆಕ್ಕ, ಏಕೆಂದರೆ ಅದರಲ್ಲಿ ಬಾಡಿಗೆಯ ಕ್ರೆಡಿಟ್ಟನ್ನು ಮರೆತಿದ್ದೀರಿ.

ಸರಿಪಡಿಸಬೇಕಾದದ್ದು ಪುಸ್ತಕದಲ್ಲಿ. ನಿಮ್ಮ ಹುಡುಗ ರಿವರ್ಸ್ ಚಾರ್ಜ್ ಬಾಕಿಯನ್ನೂ ಅದರ ಕ್ರೆಡಿಟ್ಟನ್ನೂ ಒಂದೇ ಜಿಎಸ್‌ಟಿ ಖಾತೆಯಲ್ಲಿ ಬರೆದಿರಬೇಕು. ಎರಡೂ ಪರಸ್ಪರ ಹೊಡೆದುಹೋಗಿ ಶೂನ್ಯವಾಗಿವೆ. ರಿವರ್ಸ್ ಚಾರ್ಜ್ ಬಾಕಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಬೇರೆ ಖಾತೆ ತೆರೆಯಿರಿ. ಅವು ತೀರುವುದು ಬ್ಯಾಂಕಿನಿಂದ ಹಣ ಹೋದಾಗ ಮಾತ್ರ.

ಭದ್ರಾವತಿ ಲೆಕ್ಕ

ಪಟ್ಟಿಯ ವಿಷಯ ಒಪ್ಪಿದೆ ಮೇಡಂ, 2024ರ ಬದಲಾವಣೆ ನನ್ನ ಗಮನಕ್ಕೆ ಬಂದಿರಲಿಲ್ಲ. ಆದರೆ ಕ್ರೆಡಿಟ್ ಹೇಗೆ ಸಿಗುತ್ತದೆ? ಮಾರುವವರ ರಿಟರ್ನ್‌ಗಳಿಂದ ಪೋರ್ಟಲ್ ತಯಾರಿಸುವ ಕ್ರೆಡಿಟ್ ಪಟ್ಟಿ 2ಬಿಯಲ್ಲಿ ಬಾರದ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. ಮೇಷ್ಟರು ರಿಟರ್ನ್ ಸಲ್ಲಿಸುವವರಲ್ಲ, ಆ ಬಾಡಿಗೆ 2ಬಿಯಲ್ಲಿ ಎಂದೂ ಬರುವುದಿಲ್ಲ.

ತುಂಗಾತೀರ

ಬರುವುದಿಲ್ಲ, ನಿಜ. ಬರಬೇಕಾಗಿಯೂ ಇಲ್ಲ. ಇಲ್ಲಿ ಆಧಾರ ಪತ್ರ ನಾವೇ ನಮ್ಮ ಹೆಸರಿಗೆ ಬರೆದುಕೊಳ್ಳುವ ಇನ್‌ವಾಯ್ಸ್. 2024ರ ನವೆಂಬರ್‌ನಿಂದ ಅದನ್ನು ಸೇವೆ ಪಡೆದ 30 ದಿನಗಳೊಳಗೆ ಬರೆಯಬೇಕು ಎಂದಿದೆ. ಸಾಗರದವರು ಬಾಡಿಗೆ ಕೊಟ್ಟ ದಿನವೇ, ಅಂದರೆ ಪ್ರತಿ ತಿಂಗಳು 5ರ ಸುಮಾರಿಗೆ ಬರೆದಿಟ್ಟರೆ ಸಾಕು. ಹಣ ಕೊಟ್ಟ ದಿನ, ಇನ್‌ವಾಯ್ಸ್ ಬರೆದ ದಿನ, ಯಾವುದು ಮೊದಲೋ ಆ ತಿಂಗಳಿಗೆ ತೆರಿಗೆ ಸೇರುತ್ತದೆ. ಮೇ ಬಾಡಿಗೆ ಜೂನ್ ರಿಟರ್ನಿಗೆ ಬಂದದ್ದು ಹೀಗಾಗಿ ಸರಿ.

2ಬಿಯಲ್ಲಿ ಇಲ್ಲದ್ದರಿಂದ ಪೋರ್ಟಲ್ ಇದನ್ನು ತಾನಾಗಿ ತುಂಬುವುದಿಲ್ಲ, ನೆನಪಿಸುವುದೂ ಇಲ್ಲ. `3.1(d)`ಯಲ್ಲಿ 40,000 ಮತ್ತು ತೆರಿಗೆ, `4(A)(3)`ರಲ್ಲಿ ಅಷ್ಟೇ ಕ್ರೆಡಿಟ್, ಎರಡನ್ನೂ ಕೈಯಲ್ಲಿ ಬರೆಯಬೇಕು. ಕೆಲವರು ಕ್ರೆಡಿಟ್ಟನ್ನು ಅಭ್ಯಾಸಬಲದಿಂದ `4(A)(5)`ಕ್ಕೆ ಹಾಕುತ್ತಾರೆ. ಆ ತಿಂಗಳ ಹಣದ ಮೊತ್ತ ಬದಲಾಗುವುದಿಲ್ಲ, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಅದು 2ಬಿಗಿಂತ ಹೆಚ್ಚಿನ ಕ್ರೆಡಿಟ್ ಎಂದು ಕಾಣಿಸಿ ನೋಟಿಸ್ ಬರುವ ದಾರಿ.

ಖಾನಾವಳಿ ತೀರ್ಥಹಳ್ಳಿ

ನಾವು ಕಾಂಪೊಸಿಷನ್‌ನಲ್ಲಿರುವವರು. ನಮ್ಮ ಖಾನಾವಳಿಯ ಕಟ್ಟಡದ ಮಾಲೀಕರಿಗೂ ನೋಂದಣಿ ಇಲ್ಲ. ಜೊತೆಗೆ ಅಡುಗೆಯವರು ಮಲಗಲು ಒಂದು ಮನೆ ಬಾಡಿಗೆಗೆ ಹಿಡಿದಿದ್ದೇವೆ. ನಮಗೆ ಕ್ರೆಡಿಟ್ಟೇ ಇಲ್ಲ. 18% ಕಟ್ಟಿದರೆ ಅಷ್ಟೂ ಹೋದಂತೆಯೇ?

ತುಂಗಾತೀರ

ಖಾನಾವಳಿಯ ಕಟ್ಟಡಕ್ಕೆ ಈಗ ಬೇಡ. 2025ರ ಜನವರಿ 16ರ ಅಧಿಸೂಚನೆಯಲ್ಲಿ ಕಾಂಪೊಸಿಷನ್‌ನವರನ್ನು ಬಿಟ್ಟಿದ್ದಾರೆ. ಆದರೆ ಅಡುಗೆಯವರ ಮನೆ ಬೇರೆ ಸಾಲಿನಲ್ಲಿದೆ. ನೋಂದಣಿ ಇರುವವರು ವ್ಯವಹಾರಕ್ಕಾಗಿ ವಾಸದ ಮನೆ ಹಿಡಿದರೆ 2022ರ ಜುಲೈ 18ರಿಂದಲೇ ರಿವರ್ಸ್ ಚಾರ್ಜ್ ಇದೆ, ಆ ಸಾಲಿನಲ್ಲಿ ನಿಮಗೆ ವಿನಾಯಿತಿ ಕೊಟ್ಟಿಲ್ಲ. ಅದು ನಿಮಗೆ ನೇರ ಖರ್ಚು. ಬೇಸರದ ಸಂಗತಿ, ಆದರೆ ಮುಚ್ಚಿಡಲಾರೆ. ಕರಾರು ಯಾರ ಹೆಸರಿನಲ್ಲಿದೆ ಎಂದು ನೋಡಿ ಬೇರೆ ಚರ್ಚೆ ತೆರೆಯಿರಿ.

ಸಾಗರದ ಅಂಗಡಿ

ಇಂದು ಬೆಳಿಗ್ಗೆ ತಲಾ 1,100 ಚಲನ್ ಮಾಡಿ 3ಬಿ ಸಲ್ಲಿಸಿದೆ. ಕ್ರೆಡಿಟ್ ಲೆಜರಿನಲ್ಲಿ 1,100, 1,100 ಉಳಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಸಮಾಧಾನವಾಯಿತು. ಒಂದು ಅನುಮಾನ ಉಳಿದಿದೆ. ಮಾರಾಟ ಹೀಗೆಯೇ ಇದ್ದರೆ ಪ್ರತಿ ತಿಂಗಳೂ 2,200 ಸೇರುತ್ತಲೇ ಹೋಗುತ್ತದೆ. ಅದನ್ನು ವಾಪಸ್ ಪಡೆಯಬಹುದೇ?

ತುಂಗಾತೀರ

ನಿಮ್ಮಂಥ ಅಂಗಡಿಗೆ ವಾಪಸ್ ಸಿಗುವುದಿಲ್ಲ. ಮಾರಾಟ ಹೆಚ್ಚಾದ ತಿಂಗಳು ಅದು ತೀರುತ್ತದೆ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತಿರುತ್ತದೆ, ಆಗ ಕ್ರೆಡಿಟ್ ಬೆಳೆಯುತ್ತದೆ. ದೀಪಾವಳಿ ಮುಗಿದು ಮನೆ ಕಟ್ಟುವವರು ಪೈಪು ಕೇಳಿಕೊಂಡು ಬರುವಾಗ ಕರಗುತ್ತದೆ. ಅಲ್ಲಿಯವರೆಗೆ ಬಾಡಿಗೆಯ 7,200ನ್ನು ಪ್ರತಿ ತಿಂಗಳೂ ನಗದಾಗಿ ತೆಗೆದಿಡಿ.

ಭದ್ರಾವತಿ ಲೆಕ್ಕ

ಸಾಗರದವರೇ, ಕರೆಂಟಿನ ಹಣವನ್ನೂ ಮೇಷ್ಟರಿಗೇ ಕೊಡುತ್ತೀರಾ? ಕೊಡುವುದಾದರೆ ಅದನ್ನೂ ಬಾಡಿಗೆಗೆ ಸೇರಿಸಿ 18% ಹಾಕಬೇಕು.

ಸಾಗರದ ಅಂಗಡಿ

ಕರೆಂಟು ಮತ್ತು ಬಾವಿಯ ನೀರಿಗೆಂದು ತಿಂಗಳಿಗೆ 1,500 ಬೇರೆ ಕೊಡುತ್ತೇವೆ. ಮೀಟರ್ ಒಂದೇ, ಮೇಲಿನ ಮಹಡಿಯಲ್ಲಿ ಅವರ ಮನೆ.

ತುಂಗಾತೀರ

ಬಿಲ್ಲಿನಲ್ಲಿ ಬಂದಷ್ಟನ್ನೇ ಮೇಷ್ಟರು ನಿಮ್ಮ ಪರವಾಗಿ ಕಟ್ಟಿ ವಸೂಲು ಮಾಡಿದ್ದರೆ ಹೊರಗಿಡಬಹುದು ಎಂದು ವಾದಿಸುತ್ತಿದ್ದೆ. ಮೀಟರ್ ಒಂದೇ, ಮೊತ್ತವೂ ಗುಂಡಾದ 1,500 ಎಂದಾಗ ಆ ವಾದ ನಿಲ್ಲುವುದು ಕಷ್ಟ.

ಭದ್ರಾವತಿ ಲೆಕ್ಕ

ಬಾವಿಯ ನೀರಿಗೂ 18% ಎಂದರೆ ನಾನು ಒಪ್ಪುವುದಿಲ್ಲ, ಮೇಡಂ. ಕರಾರಿನಲ್ಲಿ ಬಾಡಿಗೆ 40,000 ಎಂದಷ್ಟೇ ಇದ್ದರೆ?

ಸಾಗರದ ಅಂಗಡಿ

ಕರಾರು ಮನೆಯ ಬೀರುವಿನಲ್ಲಿದೆ. ಸಂಜೆ ತೆಗೆದು ಓದಿ, ನೀರು ಕರೆಂಟಿನ ಸಾಲು ಹೇಗಿದೆ ಎಂದು ಇಲ್ಲಿ ಬರೆಯುತ್ತೇನೆ. ಉಪ ಮೀಟರ್ ಹಾಕಿಸಲು ಮೇಷ್ಟರನ್ನು ಕೇಳಿದ್ದೇನೆ, ಮಳೆ ನಿಂತ ಮೇಲೆ ನೋಡೋಣ ಎಂದಿದ್ದಾರೆ.