ಅಪ್‌ಡೇಟ್: ಫೋರ್ಕ್‌ಲಿಫ್ಟ್ ರಿಪೋರ್ಟ್ ಮತ್ತೆ ಬರೆದೆ

ನನ್ನ ಪ್ರಶ್ನೆ: “ಪುಣೆಯ ಭೋಸರಿಯ ನಮ್ಮ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ರ‍್ಯಾಕ್‌ಗೆ ಗುದ್ದಿತು. ನನ್ನ ರಿಪೋರ್ಟ್ ‘ಬರೀ ಊಹೆ’ ಅಂತ ವಾಪಸ್ ಬಂದಿದೆ. ಹೇಗೆ ತಿದ್ದಲಿ?”

ಪ್ರತಿ ವಾಕ್ಯಕ್ಕೂ ‘ಇದು ಯಾರಿಗೆ, ಹೇಗೆ ಗೊತ್ತು?’ ಅಂತ ಕೇಳುತ್ತಾ ಹೋದೆ. ಮೊದಲು ಬರೆದಿದ್ದು ಹೀಗಿತ್ತು: “ನಿದ್ದೆಗಣ್ಣಿನ ಡ್ರೈವರ್ ಜೋರಾಗಿ ಬಂದು ಗುದ್ದಿದ. ಬ್ರೇಕೂ ಸರಿ ಇರಲಿಲ್ಲ ಅನ್ಸುತ್ತೆ.” ಅವರು ತೂಕಡಿಸಿದ್ದನ್ನು ಯಾರೂ ನೋಡಿರಲಿಲ್ಲ. ವೇಗವನ್ನು ಯಾರೂ ಅಳೆದಿರಲಿಲ್ಲ.

ಈಗ ಅದರ ಮುಖ್ಯ ಭಾಗ ಹೀಗಿದೆ:

“6:00: ಹಾಜರಿ ಪುಸ್ತಕದ ಪ್ರಕಾರ ಚಾಲಕರ ಸತತ ಎರಡನೇ ಪಾಳಿ ಶುರುವಾಯಿತು. 7:12: ಫೋರ್ಕ್‌ಲಿಫ್ಟ್‌ನ ಎಡ ಫೋರ್ಕ್ ರ‍್ಯಾಕ್‌ನ ಕಂಬಕ್ಕೆ ತಾಗಿತು (ಸಿಸಿಟಿವಿ). 3 ಪೆಟ್ಟಿಗೆ ಬಿದ್ದವು. ಯಾರಿಗೂ ಗಾಯವಾಗಿಲ್ಲ. 7:30: ‘ಬ್ರೇಕ್ ಒತ್ತಿದೆ, ನಿಲ್ಲಲಿಲ್ಲ’ ಎಂದು ಚಾಲಕರು ಹೇಳಿದರು. ಬ್ರೇಕ್ ಪರೀಕ್ಷೆ ಇನ್ನೂ ಆಗಿಲ್ಲ.”

ಎರಡನೇ ಪಾಳಿಯ ವಿಷಯವನ್ನು ಮೊದಲು ಡಿಕ್ಕಿಯ ಪಕ್ಕದಲ್ಲೇ ಇಟ್ಟಿದ್ದೆ. ಮಾತು ನಿಜ, ಆದರೆ ಅಲ್ಲಿಟ್ಟರೆ ಸುಮ್ನೆ ಅದೇ ಕಾರಣ ಅನ್ನಿಸುತ್ತೆ, ಅಲ್ವಾ? ಅದಕ್ಕೇ 6:00ಕ್ಕೆ ಸರಿಸಿದೆ.

ಜಾಸ್ತಿ ಹೊತ್ತು ತಿಂದದ್ದು ಗಡಿಯಾರ. ಸಿಸಿಟಿವಿಯಲ್ಲಿ 7:16 ಅಂತಿತ್ತು. ಫೋನಿಗೆ ಹೋಲಿಸಿದರೆ ಅದು 4 ನಿಮಿಷ ಮುಂದೆ. ಹೊಂದಿಸದಿದ್ದರೆ, 7:14ಕ್ಕೆ ಸೆಕ್ಯುರಿಟಿ ಮಾಡಿದ ಕರೆ ಡಿಕ್ಕಿಗಿಂತ ಮೊದಲೇ ಬಂದಂತೆ ಕಾಣುತ್ತಿತ್ತು! ಈ ವ್ಯತ್ಯಾಸವನ್ನು ರಿಪೋರ್ಟಿನ ಮೊದಲ ಸಾಲಲ್ಲೇ ಬರೆದೆ.

ಚಾಲಕರು ಹೇಳಿದ್ದು ಮರಾಠಿಯಲ್ಲಿ. ಅದನ್ನು ಹಾಗೇ ಬರೆದು, ಕೆಳಗೆ ಅನುವಾದ ಕೊಟ್ಟು, ಅವರ ಸಹಿ ತಗೊಂಡೆ. ನಿನ್ನೆ ಸಾಹೇಬರು ರಿಪೋರ್ಟ್ ಒಪ್ಪಿಕೊಂಡರು. ಬ್ರೇಕ್ ನೋಡೋಕೆ ಮೆಕ್ಯಾನಿಕ್ ಸೋಮವಾರ ಬರ್ತಾರೆ.