ಪದಚರ್ಚೆ: 'ಕೊಹಾರ್ಟ್ ರಿಟೆನ್ಷನ್ ಹೀಟ್‌ಮ್ಯಾಪ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಅನುವಾದಕಿ, ಉಡುಪಿ

ಮಾನ್ಯರೇ, ಮಲ್ಲಿಗೆಯ ದಿನದರ ತಿಳಿಸುವ ಒಂದು ಆ್ಯಪ್‌ನ ವರದಿಪುಟವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಕೈಯಲ್ಲಿದೆ. ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಪುಟದ ನಡುವೆ ಮೇಲಿನ ಹೆಸರಿನ ಬಣ್ಣದ ಕೋಷ್ಟಕವಿದೆ. ಒಂದೊಂದು ಅಡ್ಡಸಾಲೂ ಒಂದೊಂದು ವಾರದಲ್ಲಿ ನೋಂದಾಯಿಸಿಕೊಂಡ ಬೆಳೆಗಾರರದ್ದು; ಉದ್ದಸಾಲುಗಳು ನೋಂದಣಿಯ ನಂತರ ಕಳೆದ ವಾರಗಳು; ಪ್ರತಿ ಚೌಕದಲ್ಲಿ ಆ ವಾರ ಆ್ಯಪ್ ಬಳಸಿದವರ ಶೇಕಡಾವಾರು. ಮೊದಲು ಯಾರೋ ಇದನ್ನು 'ಸಮೂಹ ಧಾರಣ ಉಷ್ಣನಕ್ಷೆ' ಎಂದು ಮಾಡಿಟ್ಟಿದ್ದರು. ಓದಿದ ಬೆಳೆಗಾರರೊಬ್ಬರು ಇದು ಸೆಕೆಯ ಲೆಕ್ಕವೇ ಎಂದು ಕೇಳಿದರಂತೆ. ದಯವಿಟ್ಟು ಬೇಗ ತಿಳಿಸಿ.

ಕನ್ನಡ ಅಧ್ಯಾಪಕ, ಕಾರ್ಕಳ

'ಓರಗೆ' ಎಂಬ ಚೆನ್ನಾದ ಪದ ಮನೆಯಲ್ಲೇ ಇರುವಾಗ 'ಸಮೂಹ'ವನ್ನು ಏಕೆ ಹೊತ್ತು ತರಬೇಕು? ಜತೆಯಲ್ಲಿ ಹುಟ್ಟಿ ಜತೆಯಲ್ಲಿ ಬೆಳೆದವರು ಓರಗೆಯವರು. ಓರ್ ಮತ್ತು ಅಗೆ ಸೇರಿ ಓರಗೆ. ಅಗೆಯೆಂದರೆ ಸಸಿ, ನಮ್ಮ ಕಡೆಯ ನೇಜಿ. ಒಂದೇ ಮಡಿಯಲ್ಲಿ ಒಂದೇ ದಿನ ಬಿತ್ತಿದ ನೇಜಿಯೇ ಓರಗೆ ಎಂಬುದು ನನ್ನ ದೃಢ ಅಭಿಪ್ರಾಯ. ರಿಟೆನ್ಷನ್ ಎಂದರೆ 'ಉಳಿಕೆ'. ಹೀಟ್‌ಮ್ಯಾಪ್ ಎಂದರೆ 'ಬಿಸಿತಿಟ್ಟ'. ಒಟ್ಟಿನಲ್ಲಿ 'ಓರಗೆಯುಳಿಕೆಯ ಬಿಸಿತಿಟ್ಟ'. ಇದರಲ್ಲಿ ಒಂದು ಸಂಸ್ಕೃತ ಪದವೂ ಇಲ್ಲವೆಂಬುದನ್ನು ಗಮನಿಸಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿ, ಕುಂದಾಪುರ

ನೌಕರರು ಕೆಲಸ ಬಿಡದಂತೆ ಉಳಿಸಿಕೊಳ್ಳುವುದಕ್ಕೆ ನಾವು ಬ್ಯಾಂಕಿನಲ್ಲಿ ರಿಟೆನ್ಷನ್ ಎಂದೇ ಹೇಳುತ್ತಿದ್ದೆವು, ಬೇರೆ ಪದ ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಇಲ್ಲಿ ಆ್ಯಪ್ ತಯಾರಿಸಿದ ಕಂಪನಿಯವರು ತಮ್ಮ ಸಿಬ್ಬಂದಿಯ ಲೆಕ್ಕವನ್ನು ಬೆಳೆಗಾರರಿಗೆ ಏಕೆ ತೋರಿಸುತ್ತಾರೆಂಬುದು ತಿಳಿಯಲಿಲ್ಲ.

ದತ್ತಾಂಶ ವಿಶ್ಲೇಷಕ, ಮಂಗಳೂರು

ಸಿಬ್ಬಂದಿಯ ಲೆಕ್ಕವಲ್ಲ ಸರ್, ಬಳಕೆದಾರರದ್ದು. ಇಂಥ ಕೋಷ್ಟಕಗಳನ್ನು ಕಟ್ಟಿಕೊಡುವುದೇ ನನ್ನ ಕೆಲಸವಾದ್ದರಿಂದ 'ಉಳಿಕೆ'ಯ ಬಗ್ಗೆ ಒಂದು ಆಕ್ಷೇಪವನ್ನು ಹೇಳಲೇಬೇಕು.

ಉದಾಹರಣೆಗೆ, ಒಂದು ವಾರ 120 ಮಂದಿ ನೋಂದಾಯಿಸಿಕೊಂಡರೆನ್ನಿ. ಮುಂದಿನ ಮೂರು ವಾರಗಳಲ್ಲಿ ಆ್ಯಪ್ ತೆರೆದವರು ಕ್ರಮವಾಗಿ 54, 48 ಮತ್ತು 60. ಆ ಸಾಲಿನಲ್ಲಿ ಶೇ. 45, 40, 50 ಎಂದು ಬರುತ್ತದೆ. ಅದನ್ನು 'ಉಳಿಕೆ' ಎಂದು ಕರೆದರೆ, 48 ಮಂದಿ ಉಳಿದಲ್ಲಿ 60 ಮಂದಿ ಎಲ್ಲಿಂದ ಬಂದರೆಂದು ಸಂಘದ ಕಾರ್ಯದರ್ಶಿ ಕೇಳದಿರುವುದಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ: ಎರಡನೆಯ ವಾರ ಹೂವಿಲ್ಲದೆ ಆ್ಯಪ್ ತೆರೆಯದವರು ಮೂರನೆಯ ವಾರ ಮರಳಿದ್ದಾರೆ, ಅಷ್ಟೇ. ಆದ್ದರಿಂದ ಇಲ್ಲಿ 'ಮರಳಿಕೆ' ಸರಿ.

ಆದರೆ ಇನ್ನೊಂದು ಬಗೆಯ ಎಣಿಕೆಯೂ ಇದೆ. ಆ ವಾರದಲ್ಲಾಗಲಿ, ಅದರ ಮುಂದಿನ ಯಾವುದೇ ವಾರದಲ್ಲಾಗಲಿ ಕಾಣಿಸಿಕೊಂಡವರನ್ನೆಲ್ಲ ಆ ವಾರ ಬಿಟ್ಟುಹೋಗದವರೆಂದು ಎಣಿಸುತ್ತಾರೆ. ಅದೇ 120 ಮಂದಿಗೆ ಆಗ 78, 72, 60 ಬರಬಹುದು. ಸಾಲು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಅದಕ್ಕೆ 'ಉಳಿಕೆ' ನಿಜಕ್ಕೂ ಹೊಂದುತ್ತದೆ. ಅದರ ತೊಡಕೆಂದರೆ, ದೂರವಾದವರು ಮುಂದೆಂದೋ ಮರಳಿದೊಡನೆ ಹಳೆಯ ಚೌಕಗಳ ಅಂಕಿಗಳೂ ಹೆಚ್ಚುತ್ತವೆ. ಈ ತಿಂಗಳು ಮುದ್ರಿಸಿದ ವರದಿ ಮುಂದಿನ ತಿಂಗಳಿನದರೊಡನೆ ತಾಳೆಯಾಗುವುದಿಲ್ಲ. ನಿಮ್ಮ ಕೋಷ್ಟಕ ಯಾವ ಬಗೆಯದೆಂದು ಮೊದಲು ಕೇಳಿ ತಿಳಿಯಿರಿ. ಯಾವುದಾದರೊಂದು ಸಾಲು ನಡುವೆ ಏರಿದ್ದರೆ ಕೇಳುವ ಅಗತ್ಯವೂ ಇಲ್ಲ, ಅದು ಮೊದಲನೆಯ ಬಗೆಯದೇ.

ಕನ್ನಡ ಅಧ್ಯಾಪಕ, ಕಾರ್ಕಳ

'ಮರಳಿಕೆ'ಗೆ ಪ್ರಯೋಗವೆಲ್ಲಿದೆ? ಲೆಕ್ಕದವರ ಅನುಕೂಲಕ್ಕೆ ಪದ ಹುಟ್ಟಿಸುವುದಾದರೆ ನಿಘಂಟುಗಳನ್ನು ಮುಚ್ಚಿಡಬಹುದು.

ಪತ್ರಿಕೆಯ ಉಪಸಂಪಾದಕಿ, ಮಂಗಳೂರು

ಮಾಸ್ಟ್ರೇ, 'ಬಿಸಿತಿಟ್ಟ'ಕ್ಕೆ ಪ್ರಯೋಗವೆಲ್ಲಿದೆ? 1894ರಲ್ಲಿ ಇದೇ ಮಂಗಳೂರಿನಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಯಿತೆಂಬ ಹೆಮ್ಮೆ ನಮಗೆಲ್ಲ ಇದೆ; ಆ ನಿಘಂಟು ಜನ ಆಡುತ್ತಿದ್ದ ಅನ್ಯದೇಶ್ಯಗಳನ್ನು ಹೊರಗಿಡಲಿಲ್ಲ ಎಂಬುದೂ ನೆನಪಿರಲಿ. ಓರ್ ಮತ್ತು ಅಗೆಯ ಕಥೆಗೆ ಆಧಾರವಿದ್ದರೆ ಕೊಡಿ, ಇಲ್ಲವಾದರೆ ಬಿಡಿ. ಕೊಹಾರ್ಟ್‌ಗೆ 'ಬ್ಯಾಚು' ಸಾಕು. ಎಸ್ಸೆಸ್ಸೆಲ್ಸಿಯ ಬ್ಯಾಚು ಯಾರಿಗೆ ಗೊತ್ತಿಲ್ಲ?

ದತ್ತಾಂಶ ವಿಶ್ಲೇಷಕ, ಮಂಗಳೂರು

ಬ್ಯಾಚಾದರೂ ಓರಗೆಯಾದರೂ ನನ್ನ ತಕರಾರಿಲ್ಲ, ಯಾವ ವಾರದ್ದೆಂಬುದು ಜತೆಯಲ್ಲಿರಬೇಕು. ಆದರೆ 'ಬಿಸಿ' ಬೇಡ. ಇಲ್ಲಿ ಬಣ್ಣ ಗಾಢವಾದಷ್ಟೂ ಬಳಸಿದವರು ಹೆಚ್ಚು ಎಂದರ್ಥ. ಬಿಸಿಯೆಂದರೆ ಓದುಗರು ಅಪಾಯವೆಂದು ತಿಳಿಯುತ್ತಾರೆ.

ಬಣ್ಣವಿರುವುದು ಅಲಂಕಾರಕ್ಕಲ್ಲ, ಓರೆಯಾಗಿ ನೋಡುವುದಕ್ಕೆ. ಹೊಸ ವಾರದ ಸಾಲು ಕೆಳಗೆ ಸೇರುತ್ತ ಹೋಗುವುದರಿಂದ, ಒಂದೇ ಕ್ಯಾಲೆಂಡರ್ ವಾರಕ್ಕೆ ಸೇರಿದ ಚೌಕಗಳು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಓರೆಸಾಲಾಗಿ ಬೀಳುತ್ತವೆ. ಮಳೆ ಹಿಡಿದು ಹೂವು ಕಡಿಮೆಯಾದ ವಾರದಲ್ಲಿ ಹಳೆಯ ಬ್ಯಾಚು, ಹೊಸ ಬ್ಯಾಚು ಎಂದಿಲ್ಲದೆ ಎಲ್ಲರೂ ಆ್ಯಪ್ ತೆರೆಯುವುದನ್ನು ಬಿಟ್ಟರೆ ಆ ಓರೆಸಾಲು ಇಡಿಯಾಗಿ ಮಸುಕಾಗುತ್ತದೆ. ಒಂದು ಅಡ್ಡಸಾಲು ಮಾತ್ರ ಮಸುಕಾಗಿದ್ದರೆ ಕಾರಣವನ್ನು ಆ ಬ್ಯಾಚಿನಲ್ಲೇ ಹುಡುಕಬೇಕು.

ಇಲ್ಲೊಂದು ಮೋಸವಿದೆ. ಅಂಚಿನ ಓರೆಸಾಲು ಯಾವಾಗಲೂ ಮಸುಕಾಗಿಯೇ ಕಾಣುತ್ತದೆ, ಏಕೆಂದರೆ ಈ ವಾರ ಇನ್ನೂ ಮುಗಿದಿಲ್ಲ; ಮಂಗಳವಾರ ನೋಡಿದವರಿಗೆ ಎರಡೇ ದಿನದ ಬಳಕೆ ಕಾಣುತ್ತದೆ. ವಾರ ಕಳೆದಂತೆ ಮಸುಕು ಅಂಚಿನ ಜತೆಗೇ ಸರಿದರೆ ಅದು ಅಪೂರ್ಣ ವಾರ, ಹಿಂದೆಯೇ ಉಳಿದುಬಿಟ್ಟರೆ ಮಳೆ. ಆದ್ದರಿಂದ ಆ ಚೌಕಗಳಿಗೆ 'ವಾರ ಮುಗಿದಿಲ್ಲ' ಎಂಬ ಸೂಚನೆ ಹಾಕಿಸಿ. ಅದರಾಚೆಯ ಖಾಲಿ ಚೌಕಗಳಲ್ಲಿ ಸೊನ್ನೆ ಬರೆಯಲು ಬಿಡಬೇಡಿ. ಇನ್ನೂ ಬಾರದ ವಾರಕ್ಕೆ ಸೊನ್ನೆ ಬರೆದರೆ ಉದ್ದಸಾಲಿನ ಸರಾಸರಿಯೇ ಕುಸಿಯುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕುಂದಾಪುರ

ಈಗ ಅರ್ಥವಾಯಿತು. ಹಾಗಾದರೆ 'ಬಳಸಿದವರು' ಎಂಬ ಮಾತಿನ ಬಗ್ಗೆ ಕೇಳಬೇಕಾದದ್ದಿದೆ. ಬ್ಯಾಂಕಿನಲ್ಲಿ ಗ್ರಾಹಕರು ತಾವಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರ ಮಾಡದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ. ನಡುವೆ ಬ್ಯಾಂಕೇ ಜಮಾ ಮಾಡುವ ಬಡ್ಡಿಯನ್ನು ವ್ಯವಹಾರವೆಂದು ಎಣಿಸುವುದಿಲ್ಲ. ಇಲ್ಲಿ ಆ್ಯಪ್ ತಾನಾಗಿ ದರದ ಸಂದೇಶ ಕಳುಹಿಸಿದರೂ 'ಬಳಸಿದವರು' ಎಂದಾಗುತ್ತದೆಯೇ?

ದತ್ತಾಂಶ ವಿಶ್ಲೇಷಕ, ಮಂಗಳೂರು

ಆಗಬಾರದು, ಆದರೆ ಹಲವು ಕಡೆ ಆಗುತ್ತದೆ. ಆ್ಯಪ್ ಹಿನ್ನೆಲೆಯಲ್ಲಿ ದರ ತಂದುಕೊಂಡದ್ದನ್ನೂ ಚಟುವಟಿಕೆಯೆಂದು ದಾಖಲಿಸಿಬಿಟ್ಟಿರುತ್ತಾರೆ. ಕೆಲವು ವಾರಗಳಾದರೂ ಯಾವ ಸಾಲೂ ಇಳಿಯದೆ ಶೇ. 90ರ ಮೇಲೆಯೇ ನಿಂತಿದ್ದರೆ ಮೊದಲು ಇದನ್ನೇ ಸಂಶಯಿಸಬೇಕು. 'ದರ ನೋಡಿದವರು' ಎಂದು ಬಿಡಿಸಿ ಬರೆಯುವುದು ಮೇಲು.

ಅನುವಾದಕಿ, ಉಡುಪಿ

ಎಲ್ಲರಿಗೂ ವಂದನೆಗಳು. ಕಂಪನಿಯವರನ್ನು ಕೇಳಿದೆ, ಕೋಷ್ಟಕ ಮೊದಲನೆಯ ಬಗೆಯದೇ. ಸದ್ಯಕ್ಕೆ 'ನೋಂದಣಿ ವಾರದ ಬ್ಯಾಚುಗಳ ಮರಳಿಕೆ: ಬಣ್ಣದ ಕೋಷ್ಟಕ' ಎಂಬ ತಲೆಬರಹ, ಚೌಕಗಳಿಗೆ 'ಆ ವಾರ ದರ ನೋಡಿದವರು, ಶೇಕಡಾ' ಎಂಬ ವಿವರಣೆ ಕೊಡುತ್ತಿದ್ದೇನೆ.

ಕನ್ನಡ ಅಧ್ಯಾಪಕ, ಕಾರ್ಕಳ

'ಬ್ಯಾಚು' ಎಂದು ಅಚ್ಚು ಹಾಕಿಸುವುದಿದ್ದರೆ ನನ್ನನ್ನು ಕೇಳುವ ಅಗತ್ಯವಿರಲಿಲ್ಲ. 'ಕೋಷ್ಟಕ'ವೂ ಸಂಸ್ಕೃತವೇ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕುಂದಾಪುರ

ಕೊನೆಯದಾಗಿ ಒಂದು: ಆ 120 ಮಂದಿಯಲ್ಲಿ ಖಾತೆಯನ್ನೇ ಅಳಿಸಿ ಹೋದವರು ಸೇರಿದ್ದಾರೆಯೇ?

ದತ್ತಾಂಶ ವಿಶ್ಲೇಷಕ, ಮಂಗಳೂರು

ಸೇರಿರಬೇಕು. ಅಳಿಸಿದವರ ದಾಖಲೆಯನ್ನೇ ತೆಗೆದುಹಾಕುತ್ತಿದ್ದರೆ 120 ಎಂಬುದು 100ಕ್ಕೆ ಇಳಿದು, ಅದೇ 60 ಮಂದಿ ಶೇ. 50ರ ಬದಲು 60 ಆಗುತ್ತಾರೆ. ಜನ ಬಿಟ್ಟುಹೋದಷ್ಟೂ ಬಣ್ಣ ಗಾಢವಾಗುತ್ತದೆ. ಅಕ್ಕಾ, ನಾಳೆ ಒಪ್ಪಿಸುವ ಮೊದಲು ಇದನ್ನೂ ಅವರಲ್ಲಿ ಕೇಳಿಬಿಡಿ.